ಎದುರಾಳಿಯ ಚಾಳಿಗೆ ಒಂದು ಕೋಷ್ಟಕ: ಟೇಬಲ್ ಟೆನಿಸ್ ರ್‍ಯಾಲಿಯ ಟ್ರಾನ್ಸಿಷನ್ ಮ್ಯಾಟ್ರಿಕ್ಸ್

ಟೇಬಲ್ ಪಕ್ಕ ನಿಂತು ಮ್ಯಾಚ್ ನೋಡುವವರು ಎದುರಾಳಿಯ ಬಗ್ಗೆ ಹೇಳುವ ಮಾತೆಲ್ಲ ಹೆಚ್ಚುಕಮ್ಮಿ ಒಂದೇ ಧಾಟಿಯಲ್ಲಿರುತ್ತದೆ. ‘ಅವನು ಪುಷ್ ಜಾಸ್ತಿ ಮಾಡ್ತಾನೆ’, ‘ಫ್ಲಿಕ್ ಜೋರಾಗಿದೆ, ನೋಡ್ಕೋ’, ‘ಯಾವಾಗಲೂ ಬ್ಯಾಕ್‌ಹ್ಯಾಂಡಿಗೇ ಹಾಕ್ತಾನೆ’. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಬ್ಯಾಟ್ ಹಿಡಿದು ನಿಂತವನಿಗೆ ಬೇಕಾದ ಉತ್ತರ ಬೇರೆ: ಪುಷ್ ಮಾಡುತ್ತಾನೆ ಸರಿ, ಯಾವ ಚೆಂಡಿಗೆ? ನಾನು ಫೋರ್‌ಹ್ಯಾಂಡಿಗೆ ಗಿಡ್ಡ ಸರ್ವ್ ಹಾಕಿದಾಗಲೋ, ಬ್ಯಾಕ್‌ಹ್ಯಾಂಡಿಗೆ ಹಾಕಿದಾಗಲೋ? ಪುಷ್ ಮಾಡಿದರೆ ಚೆಂಡು ನನ್ನ ಯಾವ ಕಡೆಗೆ ಬರುತ್ತದೆ?

ಈ ‘ಇದಾದ ಮೇಲೆ ಅದು’ ಎಂಬ ಲೆಕ್ಕವನ್ನು ಬರೆದಿಡುವ ಕೋಷ್ಟಕವೇ ಟ್ರಾನ್ಸಿಷನ್ ಮ್ಯಾಟ್ರಿಕ್ಸ್. ಒಂದೊಂದು ಅಡ್ಡಸಾಲೂ ಎದುರಾಳಿಯ ಮುಂದೆ ಬಂದ ಒಂದೊಂದು ಬಗೆಯ ಚೆಂಡು. ಒಂದೊಂದು ಕಂಬಸಾಲೂ ಅದಕ್ಕೆ ಅವನು ಆಡಿದ ಒಂದೊಂದು ಹೊಡೆತ. ಎರಡೂ ಕೂಡುವ ಮನೆಯಲ್ಲಿ ಹಾಗೆ ಎಷ್ಟು ಸಲ ಆಯಿತು ಎಂಬ ಎಣಿಕೆ ಇರುತ್ತದೆ. ಆ ಎಣಿಕೆಯನ್ನು ಅಡ್ಡಸಾಲಿನ ಮೊತ್ತದಿಂದ ಭಾಗಿಸಿದರೆ ಸಿಗುವುದು ಸಂಭವನೀಯತೆ. ಪ್ರತಿ ಅಡ್ಡಸಾಲಿನ ಸಂಭವನೀಯತೆಗಳನ್ನು ಕೂಡಿದರೆ 1 ಬರಬೇಕು. ಗಣಿತ ಇಷ್ಟೇ. ಕಷ್ಟವಿರುವುದು ಎಣಿಸುವ ಮುಂಚೆ ಮತ್ತು ಎಣಿಸಿದ ಮೇಲೆ.

ಮೊದಲು ಬರೆದುಕೊಳ್ಳುವ ಕ್ರಮ. ವಿಡಿಯೋ ನೋಡುತ್ತಾ ಒಂದು ರ್‍ಯಾಲಿಗೆ ಒಂದು ಸಾಲು ಟೈಪ್ ಮಾಡಬೇಕು, ಒಂದು ಹೊಡೆತಕ್ಕೆ ಮೂರೇ ಅಕ್ಷರ. ಮೊದಲನೆಯದು ಯಾರು ಹೊಡೆದರು ಎಂಬುದು: `A` ನಮ್ಮ ಕಡೆ, `B` ಎದುರಾಳಿ. ಎರಡನೆಯದು ಯಾವ ಹೊಡೆತ ಎಂಬುದು: `S` ಗಿಡ್ಡ ಸರ್ವ್, `D` ಉದ್ದ ಸರ್ವ್, `T` ನೆಟ್ ಹತ್ತಿರವೇ ಬೀಳುವ ಗಿಡ್ಡ ಪುಷ್, `P` ಉದ್ದ ಪುಷ್, `F` ಫ್ಲಿಕ್, `L` ಟಾಪ್‌ಸ್ಪಿನ್, `B` ಬ್ಲಾಕ್, ಉಳಿದದ್ದಕ್ಕೆಲ್ಲ `O`. ಮೂರನೆಯದು ಚೆಂಡು ಎಲ್ಲಿಗೆ ಹೋಯಿತು ಎಂಬುದು: `1` ಫೋರ್‌ಹ್ಯಾಂಡಿಗೆ, `2` ಮೈಮೇಲೆ, `3` ಬ್ಯಾಕ್‌ಹ್ಯಾಂಡಿಗೆ, `0` ನೆಟ್ಟಿಗೆ ಅಥವಾ ಹೊರಗೆ. ಕೊನೆಯಲ್ಲಿ ಪಾಯಿಂಟ್ ಯಾರದು ಎಂದು `A+` ಅಥವಾ `B+`.

```
AS1 BP3 AL3 BB3 AL1 BB0 A+
```

ಇದನ್ನು ಓದುವುದು ಹೀಗೆ: ನಾವು ಅವನ ಫೋರ್‌ಹ್ಯಾಂಡಿಗೆ ಗಿಡ್ಡ ಸರ್ವ್ ಹಾಕಿದೆವು. ಅವನು ನಮ್ಮ ಬ್ಯಾಕ್‌ಹ್ಯಾಂಡಿಗೆ ಉದ್ದ ಪುಷ್ ಮಾಡಿದ. ನಾವು ಅವನ ಬ್ಯಾಕ್‌ಹ್ಯಾಂಡಿಗೆ ಟಾಪ್‌ಸ್ಪಿನ್ ಹಾಕಿದೆವು, ಅವನು ಬ್ಲಾಕ್ ಮಾಡಿದ. ನಾವು ಫೋರ್‌ಹ್ಯಾಂಡಿಗೆ ಇನ್ನೊಂದು ಟಾಪ್‌ಸ್ಪಿನ್ ಹಾಕಿದೆವು, ಅವನು ಬ್ಲಾಕ್ ಮಾಡಲು ಹೋಗಿ ತಪ್ಪಿದ.

ಆ ಕೊನೆಯ `BB0` ಬಹಳ ಮುಖ್ಯ. ಟೇಬಲ್ ಮೇಲೆ ಬಿದ್ದ ಹೊಡೆತಗಳನ್ನು ಮಾತ್ರ ಬರೆದು, ತಪ್ಪಿದ್ದನ್ನು ಬರಿಯ ‘ಪಾಯಿಂಟ್ ನಮ್ಮದು’ ಎಂದು ಮುಗಿಸುವವರೇ ಹೆಚ್ಚು. ಹಾಗೆ ಮಾಡಿದರೆ ಲೆಕ್ಕ ವಾಲುತ್ತದೆ. ಹತ್ತು ಸಲ ಫ್ಲಿಕ್ ಮಾಡಲು ಹೋಗಿ ನಾಲ್ಕು ಸಲ ನೆಟ್ಟಿಗೆ ಹೊಡೆದವನ ಚಾಳಿ ಹತ್ತು ಫ್ಲಿಕ್ಕಿನದು, ಆರರದ್ದಲ್ಲ. ನಮಗೆ ಬೇಕಾಗಿರುವುದು ಅವನು ಏನನ್ನು ಆರಿಸಿಕೊಳ್ಳುತ್ತಾನೆ ಎಂಬುದು. ಆ ಆಯ್ಕೆ ಕೈಗೂಡಿತೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ, ಅದನ್ನು `0` ಹೇಳುತ್ತದೆ.

ಜಾಗವನ್ನು ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಎಡ-ಬಲ ಎಂದು ಬರೆಯಬೇಡಿ. ಪ್ರತಿ ಗೇಮ್ ಮುಗಿದ ಮೇಲೆ ಆಟಗಾರರು ಟೇಬಲ್‌ನ ಕಡೆ ಬದಲಿಸುತ್ತಾರೆ. ಕೊನೆಯ ನಿರ್ಣಾಯಕ ಗೇಮಿನಲ್ಲಂತೂ ಒಬ್ಬರು 5 ಪಾಯಿಂಟ್ ಮುಟ್ಟಿದ ಕೂಡಲೇ ನಡುವೆಯೇ ಬದಲಿಸುತ್ತಾರೆ. ಕ್ಯಾಮೆರಾ ಮಾತ್ರ ಇದ್ದಲ್ಲೇ ಇರುವುದರಿಂದ ಎಡ ಯಾವುದು ಬಲ ಯಾವುದು ಎಂಬುದು ತಲೆಕೆಳಗಾಗುತ್ತದೆ. ಚೆಂಡನ್ನು ಎದುರಿಸುವವನ ಕೈ ಲೆಕ್ಕದಲ್ಲಿ ಬರೆದರೆ ಈ ತಾಪತ್ರಯ ಇರುವುದಿಲ್ಲ, ಎಡಗೈ ಆಟಗಾರರ ವಿಷಯದಲ್ಲೂ ಗೊಂದಲವಾಗುವುದಿಲ್ಲ.

ಸ್ಪಿನ್ ಬರೆಯುವುದಿಲ್ಲವೇ ಎಂದು ಕೇಳಬಹುದು. ಫೋನಿನಲ್ಲಿ ಹಿಡಿದ ವಿಡಿಯೋದಲ್ಲಿ ಚೆಂಡಿನ ಸ್ಪಿನ್ ನೆಚ್ಚುವಷ್ಟು ಕಾಣುವುದಿಲ್ಲ. ಬ್ಯಾಕ್‌ಸ್ಪಿನ್ ಸರ್ವ್ ಯಾವುದು, ಅದೇ ಕೈಬೀಸಿನಲ್ಲಿ ಹಾಕಿದ ಸ್ಪಿನ್ ಇಲ್ಲದ ಸರ್ವ್ ಯಾವುದು ಎಂಬುದು ಹಾಕಿದವನಿಗೆ ಮಾತ್ರ ಖಚಿತವಾಗಿ ಗೊತ್ತು. ಊಹಿಸಿ ಬರೆದ ಕಾಲಮ್ ಇಡೀ ಕೋಷ್ಟಕವನ್ನು ಕೆಡಿಸುತ್ತದೆ. ನೀವೇ ಆಡಿದ ಮ್ಯಾಚ್ ಆಗಿದ್ದು, ನಿಮ್ಮ ಸರ್ವ್ ನಿಮಗೆ ನೆನಪಿದ್ದರೆ ಸೇರಿಸಿ. ಇಲ್ಲವಾದರೆ ಬಿಡಿ.

ಎಣಿಸುವ ಕೆಲಸಕ್ಕೆ ಹತ್ತು ಸಾಲು ಪೈಥಾನ್ ಸಾಕು:

```python
from collections import Counter, defaultdict

T = defaultdict(Counter)
for line in open("rallies.txt"):
    s = line.split()
    for now, nxt in zip(s, s[1:]):
        T[now][nxt] += 1

row = T["AS1"]
n = sum(row.values())
for shot, c in row.most_common():
    print(shot, c, round(c / n, 2))
```

ಇಲ್ಲಿಯವರೆಗೆ ಸಲೀಸು. ಇಲ್ಲಿಂದ ಮುಂದೆ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಎಂಟು ಬಗೆಯ ಹೊಡೆತ, ಮೂರು ಜಾಗ ಎಂದರೆ 24 ಸ್ಥಿತಿಗಳು. ನಮ್ಮ 24ಕ್ಕೆ ಅವನ 24 ಎಂದರೆ 576 ಮನೆಗಳು. ನಾಲ್ಕು ಗೇಮಿನ ಒಂದು ಮ್ಯಾಚ್‌ನಲ್ಲಿ ಎಂಬತ್ತರ ಆಸುಪಾಸು ಪಾಯಿಂಟ್ ಎಂದಿಟ್ಟುಕೊಳ್ಳಿ, ರ್‍ಯಾಲಿಗೆ ಸರಾಸರಿ ನಾಲ್ಕು ಹೊಡೆತ. ಅದರಲ್ಲಿ ಅರ್ಧ ಮಾತ್ರ ಎದುರಾಳಿಯದು, ಅಂದರೆ ಸುಮಾರು 160. ಮನೆಗಳು 576, ಹಾಕಲು ಇರುವ ಕಾಳು 160. ಬಹುಪಾಲು ಮನೆಗಳಲ್ಲಿ ಸೊನ್ನೆ, ಕೆಲವದರಲ್ಲಿ ಒಂದೋ ಎರಡೋ. ಎರಡಕ್ಕೆ ಎರಡೂ ಸಲ ಹಾಗೇ ಆಡಿದ್ದಾನೆ, ‘ನೂರಕ್ಕೆ ನೂರು’ ಎಂದು ಕೋಷ್ಟಕ ಹೇಳುತ್ತದೆ. ಆ ನೂರನ್ನು ನಂಬಿ ಹೋದವನಿಗೆ ಮೊದಲ ಗೇಮಿನಲ್ಲೇ ಪೆಟ್ಟು.

ಆದ್ದರಿಂದ ಇಡೀ ರ್‍ಯಾಲಿಯನ್ನು ಹಿಡಿಯಲು ಹೋಗದೆ ಒಂದೇ ಕಡೆ ಆಳವಾಗಿ ಅಗೆಯುವುದು ಲೇಸು. ಎಲ್ಲಿ ಅಗೆಯಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ: ಎರಡನೇ ಹೊಡೆತ, ಅಂದರೆ ನಮ್ಮ ಸರ್ವ್‌ಗೆ ಅವನ ರಿಸೀವ್. ಕಾರಣ ಸರಳ. ನಾವು ಸರ್ವ್ ಮಾಡಿದ ಹೆಚ್ಚುಕಮ್ಮಿ ಪ್ರತಿ ರ್‍ಯಾಲಿಯಲ್ಲೂ ಅದು ಬರುತ್ತದೆ, ಹಾಗಾಗಿ ಎಣಿಕೆ ಬೇಗ ತುಂಬುತ್ತದೆ. ಅದರ ಹಿಂದಿನ ಚೆಂಡು ಪೂರ್ತಿ ನಮ್ಮ ಕೈಯಲ್ಲಿರುತ್ತದೆ. ರ್‍ಯಾಲಿ ಉದ್ದವಾದಷ್ಟೂ ಚೆಂಡು ಎಷ್ಟು ಜೋರಾಗಿ ಬಂತು, ಅವನು ಎಲ್ಲಿ ನಿಂತಿದ್ದ ಎಂಬ ಸಂಗತಿಗಳು ಸೇರಿಕೊಂಡು, ಚಾಳಿ ಯಾವುದು ಅನಿವಾರ್ಯತೆ ಯಾವುದು ಎಂದು ಬಿಡಿಸಲಾಗದ ಹಾಗಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳನ್ನು ವಿವರಣೆಗೆಂದೇ ಕಟ್ಟಿದ್ದೇನೆ, ಯಾವ ಆಟಗಾರನವೂ ಅಲ್ಲ. ಎದುರಾಳಿ ಬಲಗೈಯವನು. ಬಲಗೈ ಆಟಗಾರರ ವಿರುದ್ಧ ಅವನು ಆಡಿದ ಮೂರು ಮ್ಯಾಚ್‌ಗಳಿಂದ 120 ರಿಸೀವ್ ಸಿಕ್ಕಿವೆ, ಆ ಆಟಗಾರರೇ ಇಲ್ಲಿ ‘ನಮ್ಮ ಕಡೆ’. ಸದ್ಯಕ್ಕೆ ಅವನು ಎಲ್ಲಿಗೆ ಹೊಡೆದ ಎಂಬುದನ್ನು ಬದಿಗಿಟ್ಟು, ಏನು ಹೊಡೆದ ಎಂಬುದನ್ನಷ್ಟೇ ನೋಡೋಣ.

| ಬಂದ ಸರ್ವ್ | ಗಿಡ್ಡ ಪುಷ್ | ಉದ್ದ ಪುಷ್ | ಫ್ಲಿಕ್ | ಟಾಪ್‌ಸ್ಪಿನ್ | ಬ್ಲಾಕ್ | ಒಟ್ಟು |
|---|---|---|---|---|---|---|
| ಫೋರ್‌ಹ್ಯಾಂಡಿಗೆ ಗಿಡ್ಡ (`AS1`) | 12 | 22 | 6 | 0 | 0 | 40 |
| ಬ್ಯಾಕ್‌ಹ್ಯಾಂಡಿಗೆ ಗಿಡ್ಡ (`AS3`) | 4 | 10 | 30 | 0 | 0 | 44 |
| ಬ್ಯಾಕ್‌ಹ್ಯಾಂಡಿಗೆ ಉದ್ದ (`AD3`) | 0 | 3 | 0 | 25 | 8 | 36 |
| ಒಟ್ಟು | 16 | 35 | 36 | 25 | 8 | 120 |

ಕೆಳಗಿನ ಒಟ್ಟು ಸಾಲನ್ನಷ್ಟೇ ನೋಡಿದರೆ ಉದ್ದ ಪುಷ್ 35, ಫ್ಲಿಕ್ 36. ಎರಡೂ ಸಮಸಮ, ಇವನನ್ನು ಊಹಿಸುವುದು ಕಷ್ಟ ಎನ್ನಿಸುತ್ತದೆ. ಮೇಲಿನ ಸಾಲುಗಳು ಬೇರೆಯೇ ಕಥೆ ಹೇಳುತ್ತವೆ. ಬ್ಯಾಕ್‌ಹ್ಯಾಂಡಿಗೆ ಗಿಡ್ಡ ಸರ್ವ್ ಬಿದ್ದರೆ 44ರಲ್ಲಿ 30 ಸಲ, ಅಂದರೆ ಶೇ. 68 ಫ್ಲಿಕ್. ಅದೇ ಗಿಡ್ಡ ಸರ್ವ್ ಫೋರ್‌ಹ್ಯಾಂಡಿಗೆ ಬಿದ್ದರೆ ಫ್ಲಿಕ್ ಶೇ. 15 ಮಾತ್ರ. ಇವನು ಮಣಿಕಟ್ಟು ಒಳಗೆ ಮಡಿಸಿ ಬ್ಯಾಕ್‌ಹ್ಯಾಂಡಿನಲ್ಲಿ ಫ್ಲಿಕ್ ಮಾಡುವವನು. ಚೆಂಡು ಫೋರ್‌ಹ್ಯಾಂಡ್ ಮೂಲೆಗೆ ಹೋದರೆ ಬ್ಯಾಕ್‌ಹ್ಯಾಂಡನ್ನು ಅಲ್ಲಿಯವರೆಗೆ ಕೊಂಡೊಯ್ಯಲು ಆಗದೆ ಪುಷ್‌ಗೆ ಇಳಿಯುತ್ತಾನೆ. ಒಟ್ಟು ಲೆಕ್ಕದಲ್ಲಿ ಅಡಗಿದ್ದದ್ದು ಅಡ್ಡಸಾಲಿನಲ್ಲಿ ಎದ್ದು ಕಾಣುತ್ತದೆ. ಈ ಕೋಷ್ಟಕ ಕಟ್ಟುವ ತಾಪತ್ರಯಕ್ಕೆ ಸಿಗುವ ಮುಖ್ಯ ಪ್ರತಿಫಲ ಇದೇ.

ಈಗ ಜಾಗಕ್ಕೆ ಬರೋಣ. `AS1` ಸಾಲಿನ 22 ಉದ್ದ ಪುಷ್‌ಗಳಲ್ಲಿ 18 ನಮ್ಮ ಬ್ಯಾಕ್‌ಹ್ಯಾಂಡಿಗೆ, 3 ಮೈಮೇಲೆ, 1 ಫೋರ್‌ಹ್ಯಾಂಡಿಗೆ ಬಂದಿವೆ. 22ಕ್ಕೆ 18 ಎಂದರೆ ಶೇ. 82. ಬ್ಯಾಕ್‌ಹ್ಯಾಂಡಿನ ಫ್ಲಿಕ್ 30ರಲ್ಲಿ 17 ಬ್ಯಾಕ್‌ಹ್ಯಾಂಡಿಗೆ, 4 ಮೈಮೇಲೆ, 9 ಫೋರ್‌ಹ್ಯಾಂಡಿಗೆ. ಇಲ್ಲಿ ಒಂದು ಸೂಕ್ಷ್ಮವಿದೆ. ಫ್ಲಿಕ್ ಬರುತ್ತದೆ ಎಂಬುದು ಖಾತ್ರಿ, ಎಲ್ಲಿಗೆ ಬರುತ್ತದೆ ಎಂಬುದು ಖಾತ್ರಿಯಲ್ಲ. ಪುಷ್ ಬರುವುದು ಅಷ್ಟು ಖಾತ್ರಿಯಲ್ಲ, ಬಂದರೆ ಎಲ್ಲಿಗೆ ಎಂಬುದು ಹೆಚ್ಚುಕಮ್ಮಿ ಗೊತ್ತು. ಕಾಲು ಮುಂಚಿತವಾಗಿ ಸರಿಸಿಟ್ಟುಕೊಳ್ಳಲು ನೆರವಾಗುವುದು ಎರಡನೆಯದೇ.

ಶೇ. 82 ಎಂದು ಹೇಳಿದೆನಲ್ಲ, ಅದನ್ನು ಎಷ್ಟು ನಂಬಬಹುದು? 22 ಸಲದ ನೋಟದಿಂದ ಅವನ ನಿಜವಾದ ಒಲವನ್ನು ಅಂದಾಜು ಮಾಡಬೇಕು. ಇದಕ್ಕೆ ವಿಲ್ಸನ್ ಇಂಟರ್ವಲ್ ಎಂಬ ಸೂತ್ರವಿದೆ. ಅದರ ಪ್ರಕಾರ ಶೇ. 95ರ ವಿಶ್ವಾಸದಲ್ಲಿ ನಿಜದ ಪ್ರಮಾಣ ಸುಮಾರು ಶೇ. 61ರಿಂದ 93ರ ನಡುವೆ ಇದೆ. ವ್ಯಾಪ್ತಿ ದೊಡ್ಡದೇ, ಆದರೆ ಕೆಳಗಿನ ತುದಿಯೂ ಅರ್ಧಕ್ಕಿಂತ ಮೇಲಿದೆ. ಮೂರು ಜಾಗಗಳಲ್ಲಿ ಒಂದಕ್ಕೆ ಅಷ್ಟು ಒಲವಿದ್ದರೆ ಅದನ್ನು ಚಾಳಿ ಎನ್ನಲು ಅಡ್ಡಿಯಿಲ್ಲ. ಅದೇ `AS3` ಸಾಲಿನ ಗಿಡ್ಡ ಪುಷ್ ನೋಡಿ: ಇರುವುದೇ 4. ಅದರಲ್ಲಿ 3 ಒಂದೇ ಕಡೆ ಹೋಗಿದ್ದರೂ ಇಂಟರ್ವಲ್ ಶೇ. 30ರಿಂದ 95ರವರೆಗೆ ಚಾಚುತ್ತದೆ. ಏನೂ ಗೊತ್ತಿಲ್ಲ ಎಂಬುದನ್ನೇ ಅಂಕಿಯಲ್ಲಿ ಹೇಳಿದಂತಾಯಿತು. ನಾನು ಒಂದು ಅಡ್ಡಸಾಲಿನಲ್ಲಿ 20ಕ್ಕಿಂತ ಕಡಿಮೆ ಎಣಿಕೆ ಇದ್ದರೆ ಶೇಕಡಾವಾರು ಬರೆಯುವುದೇ ಇಲ್ಲ. ‘4ರಲ್ಲಿ 3’ ಎಂದೇ ಬರೆದಿಟ್ಟರೆ ಓದುವಾಗ ಕಣ್ಣು ತಾನಾಗಿಯೇ ಅನುಮಾನಿಸುತ್ತದೆ.

ಮುಂದಿನ ತೊಡಕು ನೆನಪಿನದು. ಈ ಬಗೆಯ ಮ್ಯಾಟ್ರಿಕ್ಸ್‌ಗೆ ಒಂದೇ ಹೆಜ್ಜೆಯ ನೆನಪು. ಈಗಿನ ಚೆಂಡು ಯಾವುದು ಎಂಬುದು ಗೊತ್ತಿದ್ದರೆ ಸಾಕು, ಅದರ ಹಿಂದಿನದೆಲ್ಲ ಅಪ್ರಸ್ತುತ ಎಂದು ಅದು ಭಾವಿಸುತ್ತದೆ. ಮಾರ್ಕೋವ್ ಸರಪಳಿ ಎನ್ನುವುದು ಇದನ್ನೇ. ಟೇಬಲ್ ಟೆನಿಸ್ ಆಡಿದ ಯಾರಿಗೂ ಇದು ಪೂರ್ತಿ ನಿಜವಲ್ಲ ಎಂದು ಗೊತ್ತು. ಫೋರ್‌ಹ್ಯಾಂಡ್ ಮೂಲೆಯ ಗಿಡ್ಡ ಚೆಂಡಿಗೆ ಬಲಗಾಲನ್ನು ಟೇಬಲ್ ಕೆಳಗೆ ತೂರಿಸಿ, ಮೈ ಬಾಗಿಸಿ ಪುಷ್ ಮಾಡಿದವನು ಮತ್ತೆ ಹಿಂದಕ್ಕೆ ಬರಬೇಕು. ಅಷ್ಟರಲ್ಲಿ ಬ್ಯಾಕ್‌ಹ್ಯಾಂಡ್ ಮೂಲೆಗೆ ಉದ್ದ ಟಾಪ್‌ಸ್ಪಿನ್ ಬಂದರೆ ಅವನ ನಾಲ್ಕನೇ ಹೊಡೆತವನ್ನು ನಿರ್ಧರಿಸುವುದು ಆ ಟಾಪ್‌ಸ್ಪಿನ್ ಒಂದೇ ಅಲ್ಲ, ಎರಡು ಹೆಜ್ಜೆ ಹಿಂದಿನ ನಮ್ಮ ಸರ್ವ್ ಕೂಡ.

ಇದು ನಿಜವೋ ಅಲ್ಲವೋ ಎಂದು ನಮ್ಮ ಉದಾಹರಣೆಯಲ್ಲೇ ಪರೀಕ್ಷಿಸಬಹುದು. ಮೂರನೇ ಹೊಡೆತವಾಗಿ ಅವನ ಬ್ಯಾಕ್‌ಹ್ಯಾಂಡಿಗೆ ಹಾಕಿದ ಟಾಪ್‌ಸ್ಪಿನ್ (`AL3`) ಒಟ್ಟು 50 ಇವೆ ಎನ್ನಿ. ಅದರಲ್ಲಿ 12 ಸಲ ಅವನು ನೇರವಾಗಿ ಪಾಯಿಂಟ್ ಕಳೆದುಕೊಂಡ: ತಪ್ಪಿದ ಅಥವಾ ಮುಟ್ಟಲೇ ಇಲ್ಲ. ಶೇ. 24. ಈಗ ಇದನ್ನೇ ಸರ್ವ್ ಪ್ರಕಾರ ಒಡೆದರೆ, `AS1`ನಿಂದ ಶುರುವಾದ 15ರಲ್ಲಿ 7 ಸಲ ಕಳೆದುಕೊಂಡಿದ್ದಾನೆ, ಬೇರೆ ಸರ್ವ್‌ಗಳಿಂದ ಶುರುವಾದ 35ರಲ್ಲಿ 5 ಸಲ. ಒಂದು ಕಡೆ ಹೆಚ್ಚುಕಮ್ಮಿ ಅರ್ಧ, ಇನ್ನೊಂದು ಕಡೆ ಏಳರಲ್ಲಿ ಒಂದು. ಸರ್ವ್‌ನ ನೆನಪು ನಾಲ್ಕನೇ ಹೊಡೆತದವರೆಗೂ ಉಳಿದಿದೆ ಎನ್ನಲು ಇದು ಸುಳಿವು. ಹಿಂದಿನ ಎರಡು ಹೊಡೆತಗಳನ್ನೂ ಸೇರಿಸಿ ಸ್ಥಿತಿ ಮಾಡಿದರೆ ಮನೆಗಳ ಸಂಖ್ಯೆ ಸಾವಿರಗಟ್ಟಲೆ ದಾಟುತ್ತದೆ. ಹಾಗಾಗಿ ನಾನು ಸರ್ವ್ ಒಂದನ್ನೇ ನೆನಪಾಗಿ ಇಟ್ಟುಕೊಳ್ಳುತ್ತೇನೆ. ಕೋಡ್‌ನಲ್ಲಿ ಬದಲಾಗುವುದು ಎರಡೇ ಸಾಲು, ಎಣಿಸುವುದು ಮತ್ತು ಅಡ್ಡಸಾಲು ತೆಗೆಯುವುದು:

```python
T[(s[0], now)][nxt] += 1

row = T[("AS1", "AL3")]
```

15ಕ್ಕೆ 7, 35ಕ್ಕೆ 5 ಎಂಬ ಅಂತರ ಬರೀ ಅದೃಷ್ಟದಿಂದಲೂ ಬರಬಹುದಲ್ಲವೇ? ನೋಡಲು ಒಂದು ದಾರಿಯಿದೆ. 50 ಚೀಟಿಗಳಲ್ಲಿ 12ರ ಮೇಲೆ ‘ಕಳೆದ’ ಎಂದು ಬರೆದು, ಬೆರೆಸಿ, ಕಣ್ಣುಮುಚ್ಚಿ 15 ಎತ್ತಿದರೆ ಅದರಲ್ಲಿ ಏಳೋ ಅದಕ್ಕಿಂತ ಹೆಚ್ಚೋ ‘ಕಳೆದ’ ಚೀಟಿ ಬರುವುದು ನೂರಕ್ಕೆ ಸುಮಾರು ಎರಡು ಸಲ. ಅಪರೂಪವೇ. ಆದರೆ ನೀವು ಆ ಕೋಷ್ಟಕದಲ್ಲಿ ಇಂಥ ಐವತ್ತು ಹೋಲಿಕೆಗಳನ್ನು ಹುಡುಕಿ, ಎದ್ದು ಕಂಡ ಒಂದನ್ನು ಎತ್ತಿಕೊಂಡಿದ್ದರೆ, ನೂರಕ್ಕೆ ಎರಡರ ಘಟನೆ ಒಂದಾದರೂ ಸಿಗುವುದು ಸಹಜವೇ ಆಯಿತು. ಮ್ಯಾಟ್ರಿಕ್ಸ್ ಮಾಡುವವರನ್ನು ಹೆಚ್ಚು ಸಲ ಬೀಳಿಸುವ ಹೊಂಡ ಇದು, ಸಣ್ಣ ಎಣಿಕೆಗಿಂತಲೂ ಇದು ಮೋಸ. ಇದರಿಂದ ಪಾರಾಗಲು ಸುಲಭದ ಉಪಾಯವೆಂದರೆ ಮೂರು ಮ್ಯಾಚ್‌ಗಳಲ್ಲಿ ಎರಡರಿಂದ ಮಾತ್ರ ಕೋಷ್ಟಕ ಕಟ್ಟುವುದು. ಅದರಲ್ಲಿ ಕಂಡ ಚಾಳಿಗಳನ್ನು ಹಾಳೆಯ ಮೇಲೆ ಬರೆದಿಡುವುದು. ಆಮೇಲೆ ಮೂರನೇ ವಿಡಿಯೋ ತೆರೆದು ಅವು ಅಲ್ಲೂ ಇವೆಯೇ ಎಂದು ನೋಡುವುದು. ಅಲ್ಲಿ ಕರಗಿ ಹೋದದ್ದನ್ನು ಮರುಮಾತಿಲ್ಲದೆ ಹೊಡೆದುಹಾಕುವುದು.

ಯಾರ ವಿರುದ್ಧ ಆಡಿದ ಮ್ಯಾಚ್ ಎಂಬುದೂ ಅಷ್ಟೇ ಮುಖ್ಯ. ನಮ್ಮ ಕ್ಲಬ್‌ಗಳಲ್ಲಿ ಬ್ಯಾಕ್‌ಹ್ಯಾಂಡಿಗೆ ಲಾಂಗ್ ಪಿಂಪಲ್ಸ್ ರಬ್ಬರ್ ಹಾಕಿ ಆಡುವವರಿಗೆ ಬರವಿಲ್ಲ. ಅಂಥವರ ವಿರುದ್ಧ ಯಾರ ಪುಷ್ ಚಾಳಿಯೂ ಬೇರೆಯಾಗುತ್ತದೆ, ಏಕೆಂದರೆ ಪಿಂಪಲ್ಸ್‌ಗೆ ಕೊಟ್ಟ ಬ್ಯಾಕ್‌ಸ್ಪಿನ್ ತಿರುಗಿ ಬೇರೆ ರೂಪದಲ್ಲಿ ಬರುತ್ತದೆ. ನೀವು ಎರಡೂ ಕಡೆ ಸಾದಾ ರಬ್ಬರ್ ಹಾಕಿ ಆಡುವ ಬಲಗೈಯವರಾಗಿದ್ದರೆ, ಎದುರಾಳಿ ನಿಮ್ಮಂಥವರ ಜೊತೆ ಆಡಿದ ಮ್ಯಾಚ್‌ಗಳನ್ನೇ ಆರಿಸಿ. ಮೂರು ಬಗೆಯ ಎದುರಾಳಿಗಳ ವಿಡಿಯೋ ಕಲಸಿದರೆ ಎಣಿಕೆ ಹೆಚ್ಚುತ್ತದೆ, ಅರ್ಥ ಕಡಿಮೆಯಾಗುತ್ತದೆ.

ಚಾಳಿ ಗೊತ್ತಾಯಿತು ಎನ್ನೋಣ, ಅದರಿಂದ ಎಷ್ಟು ಪಾಯಿಂಟ್ ಸಿಗುತ್ತದೆ? ಇದನ್ನೂ ಕೋಷ್ಟಕವೇ ಹೇಳಬಲ್ಲದು, ಏಕೆಂದರೆ ಪ್ರತಿ ರ್‍ಯಾಲಿಯೂ ಕೊನೆಗೆ `A+` ಅಥವಾ `B+` ಎಂಬ ಎರಡೇ ಬಾಗಿಲಲ್ಲಿ ಹೊರಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ `AS1` ಹಾಕಿದ 40ರಲ್ಲಿ ಸರ್ವ್ ಮಾಡಿದವನು 24 ಗೆದ್ದ, ಶೇ. 60. `AS3`ನಲ್ಲಿ 44ಕ್ಕೆ 18, ಶೇ. 41. `AD3`ನಲ್ಲಿ 36ಕ್ಕೆ 19, ಶೇ. 53. ಒಟ್ಟು 120ಕ್ಕೆ 61, ಶೇ. 51ರ ಹತ್ತಿರ.

ಈಗ ಸರ್ವ್‌ಗಳ ಪಾಲನ್ನು ಬದಲಿಸಿ ನೋಡಿ: ಅರ್ಧ `AS1`, ಕಾಲು `AS3`, ಕಾಲು `AD3`. ಆಗ ಗೆಲುವು 0.50×0.60 + 0.25×0.41 + 0.25×0.53, ಅಂದರೆ ಶೇ. 53.5ರ ಆಸುಪಾಸು. ನೂರು ಸರ್ವ್‌ಗೆ ಎರಡೂವರೆ ಪಾಯಿಂಟ್ ಲಾಭ. ಎರಡೆರಡು ಸರ್ವ್ ಸರದಿಯಲ್ಲಿ 11ರ ಗೇಮಿನಲ್ಲಿ ನಮಗೆ ಸಿಗುವುದು ಸುಮಾರು ಹತ್ತು ಸರ್ವ್. ಗೇಮಿಗೆ ಕಾಲು ಪಾಯಿಂಟ್! ಇಷ್ಟಕ್ಕೇನಾ ಇಷ್ಟೆಲ್ಲ ಎನ್ನಿಸಿದರೆ ತಪ್ಪಲ್ಲ. ಆದರೆ ಆ ಶೇ. 60 ಗೆದ್ದವರು ಪುಷ್ ಎಲ್ಲಿಗೆ ಬರುತ್ತದೆ ಎಂದು ತಿಳಿಯದೆ ಆಡಿದವರು, ಅವರ ಮೂರನೇ ಹೊಡೆತ ನಿಮ್ಮದಲ್ಲ. ಬ್ಯಾಕ್‌ಹ್ಯಾಂಡ್ ಮೂಲೆಗೆ ಚೆಂಡು ಬರುತ್ತದೆಂದು ಮೊದಲೇ ಅಲ್ಲಿ ಕಾಲು ಹಾಕಿ ಕಾದವನ ಲಾಭ ಈ ಲೆಕ್ಕದೊಳಗೆ ಸೇರಿಲ್ಲ. ನಿಮ್ಮ ಬ್ಯಾಕ್‌ಹ್ಯಾಂಡ್ ಟಾಪ್‌ಸ್ಪಿನ್ ದುರ್ಬಲವಾಗಿದ್ದರೆ ಆ ಲಾಭ ಇಲ್ಲವೇ ಇಲ್ಲ ಎಂಬುದೂ ಅಷ್ಟೇ ನಿಜ. ಅವನ ಚಾಳಿಯನ್ನು ದಂಡಿಸುವ ಹೊಡೆತ ನಮ್ಮಲ್ಲಿಲ್ಲದಿದ್ದರೆ ಆ ಚಾಳಿ ನಮಗೆ ಬರೀ ಮಾಹಿತಿ.

ಎಲ್ಲ ಸರ್ವ್‌ಗಳನ್ನೂ `AS1` ಮಾಡಿದರೆ ಶೇ. 60 ಬರುತ್ತದೆಯೇ? ಇಲ್ಲ. ಆ ಅಂಕಿ ಹುಟ್ಟಿದ್ದು ಮೂರೂ ಸರ್ವ್ ಬೆರೆತು ಬರುತ್ತಿದ್ದಾಗ. ಉದ್ದ ಸರ್ವ್ ಬರಬಹುದು ಎಂಬ ಅಳುಕಿದ್ದುದರಿಂದಲೇ ಅವನು ಫೋರ್‌ಹ್ಯಾಂಡ್ ಮೂಲೆಯ ಗಿಡ್ಡ ಚೆಂಡಿಗೆ ತಡವಾಗಿ ಹೋಗುತ್ತಿದ್ದ. ಆ ಅಳುಕು ಹೋದ ದಿನ ಅಡ್ಡಸಾಲೂ ಬದಲಾಗುತ್ತದೆ. ಹತ್ತರಲ್ಲಿ ಎರಡಾದರೂ `AD3` ಉಳಿಸಿಕೊಳ್ಳಬೇಕೆನ್ನುವುದು ಇದಕ್ಕೇ.

ಮ್ಯಾಚ್ ದಿನ ಇದೆಲ್ಲ ಒಂದು ಚೀಟಿಗೆ ಇಳಿಯಬೇಕು, ಎರಡು ಸಾಲಿಗಿಂತ ಹೆಚ್ಚಲ್ಲ: ‘ಫೋರ್‌ಹ್ಯಾಂಡಿಗೆ ಗಿಡ್ಡ ಹಾಕಿದರೆ ಪುಷ್ ಬ್ಯಾಕ್‌ಹ್ಯಾಂಡಿಗೆ, ಮೂರನೆಯದು ಅವನ ಬ್ಯಾಕ್‌ಹ್ಯಾಂಡಿಗೆ ಉದ್ದ’. ಚೀಟಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ನೋಡುವ ಕೆಲಸ ಬೆಂಚಿನಲ್ಲಿ ಕೂತ ಕೋಚ್‌ನದು. ಆಟ ನಿಲ್ಲಿಸದಿದ್ದರೆ ರ್‍ಯಾಲಿಗಳ ನಡುವೆಯೂ ಸಲಹೆ ಕೊಡಲು 2016ರಿಂದ ನಿಯಮದಲ್ಲಿ ಅವಕಾಶವಿದೆ. ಮೊದಲ ಆರು ಉದ್ದ ಪುಷ್‌ಗಳನ್ನು ಗೆರೆ ಎಳೆದು ಎಣಿಸಿದರೆ ಸಾಕು. ನಿಜವಾಗಿಯೂ ಶೇ. 80ರ ಚಾಳಿಯಿದ್ದವನು ಆರರಲ್ಲಿ ಮೂರೋ ಹೆಚ್ಚೋ ಬೇರೆ ಕಡೆ ಹಾಕುವುದು ಹತ್ತಕ್ಕೆ ಒಂದು ಸಲ ಆಗಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ. ನಾಲ್ಕೋ ಹೆಚ್ಚೋ ಬೇರೆ ಕಡೆ ಹೋಗುವುದು ನೂರಕ್ಕೆ ಎರಡು ಸಲಕ್ಕಿಂತ ಕಡಿಮೆ. ಹಾಗೆ ಹೋದರೆ ಅವನೂ ನಿಮ್ಮ ವಿಡಿಯೋ ನೋಡಿ ಬಂದಿದ್ದಾನೆ ಎಂದು ತಿಳಿದು, ಚೀಟಿ ಜೇಬಿಗೆ ಹಾಕಿ, ಕಣ್ಣಿಗೆ ಕಂಡದ್ದನ್ನು ಆಡಿ.